ಹನ್ನೊಂದು ಅಡಿ ಗೋಡೆ, 79 ಮಿಲಿಮೀಟರ್ ಖಾಲಿ ಜಾಗ: ಒಂದು ಅಡುಗೆಮನೆಯ ಪ್ರಕರಣ

ಚಿಕ್ಕಮಗಳೂರಿನ ಹಳೇ ಬಡಾವಣೆಯೊಂದರ ಮನೆ ಇದು. ಮನೆಯವರ ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ. ಅಡುಗೆಮನೆಯ ಬಾಕ್ಸ್, ಅಂದರೆ ತಯಾರಾಗಿ ಬರುವ ಕಪಾಟುಗಳನ್ನು, ಕಳಿಸಿದ ಫ್ಯಾಕ್ಟರಿ ಯಾವುದು ಎಂಬುದೂ ಇಲ್ಲಿ ಮುಖ್ಯವಲ್ಲ. ಅಳತೆಗಳು ಮಾತ್ರ ನನ್ನ ಪುಸ್ತಕದಲ್ಲಿ ಆ ದಿನ ಬರೆದುಕೊಂಡವೇ. ಅಡಿ, ಇಂಚು ಎಂದು ಬೇರೆ ಹೇಳಿಲ್ಲದ ಕಡೆ ಎಲ್ಲ ಅಂಕಿಗಳೂ ಮಿಲಿಮೀಟರಿನಲ್ಲಿವೆ.

ಹಿನ್ನೆಲೆ

ತಂದೆಯ ಕಾಲದ ಮನೆ. ಎಡಗಡೆಯದು ಮೂಲ ಗೋಡೆ, ಒಂದೂವರೆ ಅಡಿ ದಪ್ಪ, ಒಳಗೆ ಮಣ್ಣು, ಮೇಲೆ ನಂತರ ಯಾವಾಗಲೋ ಬಳಿದ ಸಿಮೆಂಟ್ ಗಾರೆ. ಬಲಗಡೆಯದು ಆಮೇಲೆ ಅಡುಗೆಮನೆ ದೊಡ್ಡದು ಮಾಡುವಾಗ ಕಟ್ಟಿದ ಇಟ್ಟಿಗೆ ಗೋಡೆ. ಇವೆರಡರ ನಡುವಿನ ಹಿಂಗೋಡೆಗೆ ಒಂದೇ ಸಾಲಿನಲ್ಲಿ ಬಾಕ್ಸ್ ಕೂರಿಸಬೇಕಿತ್ತು. ಕಿಟಕಿ ಎದುರಿನ ಗೋಡೆಯಲ್ಲಿತ್ತು, ಹಾಗಾಗಿ ಈ ಸಾಲಿಗೆ ಅದರ ಅಡ್ಡಿ ಇರಲಿಲ್ಲ.

ಬೆಂಗಳೂರಿನಲ್ಲಿರುವ ಮಗ ಒಂದು ಭಾನುವಾರ ಬಂದು ಟೇಪ್ ಹಿಡಿದು ಅಳೆದಿದ್ದರು. ನೆಲದ ಮೇಲೆ, ಹಿಂಗೋಡೆಗೆ ಒತ್ತಿ. ಸರಿಯಾಗಿ 11 ಅಡಿ. ಅದನ್ನೇ ಫ್ಯಾಕ್ಟರಿಗೆ ಕೊಟ್ಟರು. ಅಲ್ಲಿನ ಡಿಸೈನರ್ ಅದನ್ನು 3352 ಎಂದು ಬರೆದುಕೊಂಡು, ಎಡದಿಂದ ಬಲಕ್ಕೆ ಹೀಗೆ ಜೋಡಿಸಿದ್ದರು: ಸಿಲಿಂಡರ್‌ಗೆ 450, ಗ್ಯಾಸ್ ಒಲೆಯ ಹಾಬ್ ಕೆಳಗೆ 800, ಶೆಲ್ಫ್‌ಗೆ 600, ಸಿಂಕ್‌ಗೆ 900, ಕೊನೆಯಲ್ಲಿ ಬಲಗೋಡೆಗೆ ತಾಗಿ ಡ್ರಾಯರ್ 600. ಒಟ್ಟು 3350. ಪರದೆಯ ಮೇಲೆ ಎಷ್ಟು ಚೆಂದ ಕೂತಿತ್ತೆಂದರೆ ಎರಡೇ ಮಿಲಿಮೀಟರ್ ಉಳಿದಿತ್ತು. ಆ ಎರಡು ಮಿಲಿಮೀಟರನ್ನು ನೋಡಿ ಎಲ್ಲರಿಗೂ ಖುಷಿಯಾಗಿತ್ತು. ನಿಜಕ್ಕೂ ಅಲ್ಲೇ ಭಯ ಹುಟ್ಟಬೇಕಿತ್ತು.

ಫ್ಯಾಕ್ಟರಿಗಳು 300, 400, 450, 500, 600, 800, 900 ಹೀಗೆ ನಿಗದಿತ ಅಗಲಗಳಲ್ಲೇ ಬಾಕ್ಸ್ ಮಾಡುವುದಕ್ಕೆ ಕಾರಣವಿದೆ. ಡ್ರಾಯರ್‌ನ ಒಳಪೆಟ್ಟಿಗೆ, ತಂತಿ ಬುಟ್ಟಿ, ಬಾಕ್ಸಿನ ಬಾಗಿಲಾಗುವ ಶಟರ್ ಎಲ್ಲವೂ ಆ ಅಗಲಕ್ಕೇ ತಯಾರಾಗಿ ಬರುತ್ತವೆ. 579 ಅಗಲದ ಬಾಕ್ಸ್ ಬೇಕೆಂದರೆ ಮಾಡಿಕೊಡುವವರು ಇದ್ದಾರೆ. ಆದರೆ ದರ ಹೆಚ್ಚು, ಕಾಯಬೇಕಾದ ದಿನ ಹೆಚ್ಚು, ಒಳಗಿನ ಬುಟ್ಟಿ ಮುಂದೆ ಯಾವತ್ತಾದರೂ ಹಾಳಾದರೆ ಬದಲಿ ಸಿಗುವುದಿಲ್ಲ. ಆದ್ದರಿಂದ ಬಾಕ್ಸ್ ನಿಗದಿತ ಅಗಲದ್ದೇ ಇರಲಿ, ಗೋಡೆಗೂ ಬಾಕ್ಸಿಗೂ ನಡುವಿನ ವ್ಯತ್ಯಾಸವನ್ನು ಫಿಲ್ಲರ್ ಪಟ್ಟಿ ನುಂಗಲಿ ಎಂಬುದು ಈ ಕೆಲಸದ ಮೂಲ ಲೆಕ್ಕ. ಫಿಲ್ಲರ್ ಎಂದರೆ ಶಟರ್‌ಗೆ ಹಾಕಿದ ಅದೇ ಬಣ್ಣದ ಹಲಗೆಯ ಸಣ್ಣ ಪಟ್ಟಿ. ಈ ಆರ್ಡರಿನಲ್ಲಿ ಅಂಥ ಒಂದು ಪಟ್ಟಿಯೂ ಇರಲಿಲ್ಲ. ಲೋಡ್ ಇಳಿಸಿಕೊಳ್ಳುವಾಗ ನಾನು ಚಲನ್ ಓದಿ ಮೊದಲು ಹುಡುಕಿದ್ದು ಅದನ್ನೇ. ಪಟ್ಟಿ ಬಂದಿಲ್ಲ ಎಂದರೆ ಗೋಡೆ ಓರೆ ಇರಬಹುದೆಂದು ಯಾರೂ ಎಣಿಸಿಲ್ಲ ಎಂದೇ ಅರ್ಥ.

ಬಾಕ್ಸ್ ಕೂರಿಸುವ ಕೆಲಸಕ್ಕೆ ಮಾತ್ರ ನನ್ನನ್ನು ಕರೆದಿದ್ದರು. ಕೆಳಗಿನ ಸಾಲಿನ ಐದೂ ಬಾಕ್ಸ್ ಬಂದು ಜಗಲಿಯಲ್ಲಿ ನಿಂತಿದ್ದವು. ಮೇಲಿನ ಸಾಲು ಎರಡನೇ ಲೋಡಿನಲ್ಲಿ ಬರಬೇಕಿತ್ತು, ಇನ್ನೂ ಕತ್ತರಿಸಿರಲಿಲ್ಲ. ಕೊನೆಗೆ ನಮ್ಮನ್ನು ಕಾಪಾಡಿದ್ದರಲ್ಲಿ ಅದೂ ಒಂದು.

ಗೋಡೆ ಹೇಳಿದ್ದು

ಬಾಕ್ಸ್ ಒಳಗೆ ತರುವ ಮುಂಚೆ ಒಮ್ಮೆ ಅಳೆದುಬಿಡೋಣ ಎಂದು ಕೂತೆ. ಎರಡು ಗೋಡೆಗಳ ನಡುವೆ ಟೇಪ್ ಹಿಡಿದರೆ ಮೂಲೆಯಲ್ಲಿ ಅದು ಬಾಗುತ್ತದೆ, ಮೂರೋ ನಾಲ್ಕೋ ಮಿಲಿಮೀಟರ್ ಸುಳ್ಳು ಹೇಳುತ್ತದೆ. ಅದಕ್ಕೆ ನಾನು ಎರಡು ನೇರ ರೀಪುಗಳನ್ನು ಒಂದರ ಮೇಲೊಂದು ಇಟ್ಟು, ಒಂದನ್ನು ಎಡಗೋಡೆಗೆ ಇನ್ನೊಂದನ್ನು ಬಲಗೋಡೆಗೆ ತಾಗುವವರೆಗೆ ಸರಿಸಿ, ನಡುವೆ ಕ್ಲಾಂಪ್ ಹಾಕಿ ಬಿಗಿಯುತ್ತೇನೆ. ಆಮೇಲೆ ಆ ಜೋಡಿಯನ್ನು ಹಾಗೇ ಹೊರಗೆ ತಂದು ನೆಲದ ಮೇಲೆ ಮಲಗಿಸಿ ಅಳೆಯುತ್ತೇನೆ.

ಹಿಂಗೋಡೆಗೆ ಒತ್ತಿ ನೆಲದಲ್ಲಿ 3352 ಬಂತು. ಮಗ ಅಳೆದದ್ದು ತಪ್ಪಿರಲಿಲ್ಲ. ಅದೇ ಹಿಂಗೋಡೆಯಲ್ಲಿ ಗ್ರಾನೈಟ್ ಕಲ್ಲು ಬರುವ 850 ಎತ್ತರದಲ್ಲಿ 3344 ಬಂತು, 2100 ಎತ್ತರದಲ್ಲಿ 3331. ಅಂದರೆ ಮೇಲೆ ಹೋದಂತೆ ಒಂದು ಮೀಟರಿಗೆ ಸುಮಾರು ಹತ್ತು ಮಿಲಿಮೀಟರ್ ಕಿರಿದಾಗುತ್ತಿದೆ. ತೂಗುಗುಂಡು ಬಿಟ್ಟು ನೋಡಿದರೆ ಬಲಗೋಡೆ ನೆಟ್ಟಗಿದೆ, ವಾಲಿರುವುದು ಎಡಗಡೆಯ ಮಣ್ಣಿನ ಗೋಡೆ. ಅದು ಒಳಕ್ಕೆ ಬಾಗಿ ನಿಂತಿತ್ತು.

ಆಮೇಲೆ ಹಿಂಗೋಡೆಯಿಂದ 600 ಮುಂದೆ ಬಂದು, ಅಂದರೆ ಶಟರ್‌ನ ಮುಖ ಬರುವ ಜಾಗದಲ್ಲಿ, ನೆಲದಲ್ಲೇ ಅಳೆದೆ. 3338. ಹಿಂದಕ್ಕಿಂತ ಮುಂದೆ 14 ಕಡಿಮೆ. ಮೂಲೆಮಟ್ಟ ಇಟ್ಟು ನೋಡಿದರೆ ಇದು ಬಲಗೋಡೆಯ ದೋಷ. ಅದು ತೂಗುಗುಂಡಿಗೆ ನೆಟ್ಟಗಿದ್ದರೂ ಹಿಂಗೋಡೆಗೆ ಲಂಬಕೋನದಲ್ಲಿ ಇಲ್ಲ, ಮುಂದೆ ಬಂದಂತೆ ಒಳಕ್ಕೆ ತಿರುಗಿದೆ. ಒಂದು ಗೋಡೆ ವಾಲಿದೆ, ಇನ್ನೊಂದು ತಿರುಗಿದೆ. ಇವೆರಡೂ ಬೇರೆ ಬೇರೆ ದೋಷ, ಬೇರೆ ಬೇರೆ ಔಷಧ ಕೇಳುತ್ತವೆ. ಇದು ನನಗೆ ಪೂರ್ತಿ ಅರ್ಥವಾದದ್ದು ಎರಡು ದಿನ ಕಳೆದ ಮೇಲೆ.

ಕೆಳಗಿನ ಸಾಲಿಗೆ ಎರಡೂ ದೋಷ ಒಟ್ಟಿಗೆ ಬೀಳುವ ಜಾಗ ಎಂದರೆ ಮುಂಭಾಗ, 850 ಎತ್ತರ. ಅಲ್ಲಿ 3329. ಬಾಕ್ಸ್‌ಗಳ ಮೊತ್ತ 3350. ಹನ್ನೊಂದು ಅಡಿ ಗೋಡೆಯಲ್ಲಿ 21 ಮಿಲಿಮೀಟರ್ ಸಾಲದೇ ಹೋಯಿತು.

ಮೊದಲ ದಿನದ ಸಲಹೆಗಳು

ಮನೆಯ ಅಮ್ಮ ಮೇಸ್ತ್ರಿಗೆ ಫೋನ್ ಮಾಡಿದರು. ಅವರು ಬಂದು ಎಡಗೋಡೆ ತಟ್ಟಿ ನೋಡಿ, "ಇಷ್ಟೇ ತಾನೆ, ಗಾರೆ ಕೆತ್ತಿ ಕೊಡ್ತೀನಿ, ಅರ್ಧ ದಿನದ ಕೆಲಸ" ಎಂದರು. ಅವರು ತಟ್ಟಿದಾಗಲೇ ಒಳಗೆ ಪೊಳ್ಳು ಸದ್ದು ಕೇಳಿತ್ತು. ಮಣ್ಣಿನ ಗೋಡೆಗೆ ಬಳಿದ ಸಿಮೆಂಟ್ ಗಾರೆ ಒಳಗಿನ ಮಣ್ಣನ್ನು ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಒಂದು ಕಡೆ ಉಳಿ ಇಟ್ಟರೆ ತಟ್ಟೆಯಗಲದ ಚಕ್ಕೆಗಳೇ ಕಳಚಿ ಬೀಳುತ್ತವೆ. ಕೆತ್ತಿ ಮತ್ತೆ ಬಳಿದರೆ ಹೊಸ ಗಾರೆಯ ದಪ್ಪ ವಾಪಸ್ ಬಂದೇ ಬರುತ್ತದೆ. ಮೇಲಾಗಿ ಅದೇ ಗೋಡೆಯಲ್ಲಿ ಕರೆಂಟ್ ಪೈಪ್ ಇಳಿದಿತ್ತು. ಬೇಡ ಎಂದೆ. ಮೇಸ್ತ್ರಿಯೂ ಇನ್ನೊಮ್ಮೆ ತಟ್ಟಿ ನೋಡಿ ಒಪ್ಪಿದರು.

ನನ್ನ ಜೊತೆಯ ಹುಡುಗ ಶೆಲ್ಫ್ ಬಾಕ್ಸನ್ನು ಬಿಚ್ಚಿ 25 ಕೊಯ್ದುಬಿಡೋಣ ಎಂದ. ಅದು ಪೂರ್ತಿ ತಳ್ಳಿಹಾಕುವ ಮಾತಲ್ಲ. ಡ್ರಾಯರ್ ಬಾಕ್ಸನ್ನು ಕೊಯ್ಯಲಾಗದು, ಏಕೆಂದರೆ ಒಳಪೆಟ್ಟಿಗೆಯ ಅಗಲ ಬದಲಾಗುವುದಿಲ್ಲ. ಆದರೆ ಬರೀ ಶೆಲ್ಫ್ ಇರುವ ಬಾಕ್ಸಿನ ತಳ, ಹಲಗೆ, ಹಿಂಬದಿ ಕೊಯ್ದು ಮತ್ತೆ ಜೋಡಿಸಬಹುದು. ತೊಂದರೆ ಇರುವುದು ಕೊಯ್ದ ಅಂಚಿನಲ್ಲಿ. ಫ್ಯಾಕ್ಟರಿಯಲ್ಲಿ ಬಿಸಿ ಅಂಟಿನಿಂದ ಕೂರಿಸಿದ ಅಂಚುಪಟ್ಟಿ ಹೋದರೆ ನಾವು ಕೈಯಲ್ಲಿ ಹಚ್ಚಿದ್ದು ಅಷ್ಟು ಬಿಗಿಯಾಗಿ ನಿಲ್ಲುವುದಿಲ್ಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಈ ಊರಿನ ಗಾಳಿಯಲ್ಲಿ ಎಷ್ಟು ತೇವ ಇರುತ್ತದೆ ಎಂದು ಇಲ್ಲಿ ಬಟ್ಟೆ ಒಣಗಿಸಿದ ಯಾರಿಗೂ ಗೊತ್ತು. ಪಕ್ಕದಲ್ಲೇ ಸಿಂಕ್ ಬೇರೆ. ಶಟರ್‌ಗಳನ್ನೂ ಕೊಯ್ಯಬೇಕಾಗುತ್ತಿತ್ತು, ಆ ಅಂಚು ನೇರ ಕಣ್ಣಿಗೇ ಬೀಳುತ್ತದೆ. ಅಷ್ಟೆಲ್ಲ ಮಾಡಿದರೂ ಎರಡು ಗೋಡೆಗಳ ನಡುವೆ ಬಾಕ್ಸ್ ಬಿಗಿಯಾಗಿ ಸಿಕ್ಕಿಕೊಂಡಿರುತ್ತದೆಯೇ ಹೊರತು ಓರೆ ಗೋಡೆಯ ಸಂದು ಮುಚ್ಚುವುದಿಲ್ಲ.

ಉಳಿದ ದಾರಿ ಒಂದು ಬಾಕ್ಸನ್ನು ಅದಕ್ಕಿಂತ ಒಂದು ಮೆಟ್ಟಿಲು ಕಡಿಮೆಯ ನಿಗದಿತ ಅಗಲಕ್ಕೆ ಇಳಿಸುವುದು. ಅತಿ ಕಡಿಮೆ ನಷ್ಟದ್ದೆಂದರೆ ಸಿಲಿಂಡರಿನ 450 ತೆಗೆದು 400 ಇಡುವುದು. ಹಾಸನದ ಡೀಲರ್ ಒಬ್ಬರ ಬಳಿ ಅದೇ ಬಿಳಿ ಒಳಮೈಯ 400ರ ಬಾಕ್ಸ್ ತಯಾರಿತ್ತು, ಮರುದಿನ ಮಧ್ಯಾಹ್ನದ ಹೊತ್ತಿಗೆ ಬಂತು. ಮೊತ್ತ 3300 ಆಯಿತು, 29 ಉಳಿಯಿತು. ಎಡಕ್ಕೆ 14, ಬಲಕ್ಕೆ 15 ಎಂದು ಹಂಚಿದೆ.

ಡ್ರಾಯರ್ ನಿಂತ ಜಾಗ

ಸ್ಕ್ರೂ ಹಾಕುವ ಮುನ್ನ ಬಾಕ್ಸ್‌ಗಳನ್ನೆಲ್ಲ ಸುಮ್ಮನೆ ಸಾಲಾಗಿ ಇಟ್ಟು, ಕಾಲುಗಳನ್ನು ತಿರುಗಿಸಿ ಮಟ್ಟ ಮಾಡಿ, ಶಟರ್ ಡ್ರಾಯರ್ ಎಲ್ಲ ಸಿಕ್ಕಿಸಿ ನೋಡುವುದು ನನ್ನ ಪದ್ಧತಿ. ಆವತ್ತೂ ಹಾಗೇ ಮಾಡಿದೆವು. ಸಾಲು ಚೆನ್ನಾಗಿ ಕೂತಿತ್ತು. ಅಮ್ಮ ಬಂದು ಬಲತುದಿಯ ಮೇಲಿನ ಡ್ರಾಯರ್ ಎಳೆದರು. ಮುಕ್ಕಾಲು ಭಾಗ ನಯವಾಗಿ ಬಂತು, ಆಮೇಲೆ ಸರಕ್ಕನೆ ಸದ್ದಾಗಿ ನಿಂತಿತು. ಗೋಡೆಯ ಬಣ್ಣದ ಮೇಲೆ ಉಗುರಿನಲ್ಲಿ ಗೀರಿದಂತೆ ಒಂದು ಬಿಳಿ ಗೆರೆ ಬಿತ್ತು.

ಮುಂಭಾಗದಲ್ಲಿ 15 ಸಂದು ಕಣ್ಣೆದುರಿಗೇ ಇದೆ, ಡ್ರಾಯರ್ ತಗುಲುವುದು ಹೇಗೆ ಎಂದು ಹುಡುಗನಿಗೆ ಆಶ್ಚರ್ಯ. ನಾನು ನೆಲದ ಮೇಲೆ ಕೂತು ಗೆರೆ ನೋಡಿದೆ. ಅದು ಬಾಕ್ಸಿನ ಪಕ್ಕದಲ್ಲಿ ಇರಲಿಲ್ಲ, ಬಾಕ್ಸಿನ ಮುಖದಿಂದ ಸುಮಾರು ಒಂದೂವರೆ ಅಡಿ ಮುಂದಿತ್ತು. ಆಗ ತಿಳಿಯಿತು. ನಾನು ಅಳತೆಯನ್ನು 600ಕ್ಕೆ ನಿಲ್ಲಿಸಿದ್ದೆ. ಗೋಡೆ 600ಕ್ಕೆ ನಿಂತಿರಲಿಲ್ಲ. 600ಕ್ಕೆ 14ರಂತೆ ತಿರುಗುತ್ತಾ ಬಂದ ಗೋಡೆ ಅದೇ ಲೆಕ್ಕದಲ್ಲಿ ಮುಂದೆಯೂ ತಿರುಗುತ್ತಲೇ ಇತ್ತು. ಡ್ರಾಯರ್ ಪೂರ್ತಿ ಎಳೆದರೆ 500 ಹೊರಗೆ ಬರುತ್ತದೆ. ಆ 500ರಲ್ಲಿ ಗೋಡೆ ಇನ್ನೂ 12 ಒಳಕ್ಕೆ ಬಂದಿರುತ್ತದೆ. 15ರಲ್ಲಿ 12 ಹೋದರೆ 3. ಆ ಮೂರನ್ನು ಗಾರೆಯ ಒಂದು ಸಣ್ಣ ಉಬ್ಬು ತಿಂದುಹಾಕಿತ್ತು.

ಈ ಪ್ರಕರಣದಲ್ಲಿ ನಾನು ನಿಜವಾಗಿ ಹೊಸದಾಗಿ ಕಲಿತದ್ದು ಇದು. ಬಾಕ್ಸ್ ನಿಲ್ಲುವ ಜಾಗವನ್ನಷ್ಟೇ ಅಳೆದರೆ ಸಾಲದು, ಬಾಕ್ಸಿನಿಂದ ಹೊರಗೆ ಬರುವ ಭಾಗ ಎಲ್ಲಿಯವರೆಗೆ ಚಲಿಸುತ್ತದೋ ಅಲ್ಲಿಯವರೆಗೂ ಗೋಡೆಯನ್ನು ಅಳೆಯಬೇಕು. ಈಗ ನಾನು ಪಕ್ಕದ ಗೋಡೆಗೆ ಡ್ರಾಯರ್ ಬಂದರೆ ಹಿಂಗೋಡೆಯಿಂದ 1200ರವರೆಗೂ ರೀಪು ಹಿಡಿಯುತ್ತೇನೆ. ಆ ಅಂತರದಲ್ಲಿ ಬಾಗಿಲಿನ ಚೌಕಟ್ಟೋ ಸ್ವಿಚ್ ಬೋರ್ಡೋ ಇದ್ದರೆ ಅದರ ಉಬ್ಬನ್ನೂ ಲೆಕ್ಕಕ್ಕೆ ಸೇರಿಸುತ್ತೇನೆ.

ಹುಡುಗ ಡ್ರಾಯರ್‌ನ ಮುಖದ ಹಲಗೆಯ ಬಲ ಅಂಚನ್ನು ನಾಲ್ಕು ಮಿಲಿಮೀಟರ್ ಹತ್ತರಿ ಹೊಡೆದರೆ ಆಯಿತಲ್ಲ ಎಂದ. ಒಂದು ಡ್ರಾಯರ್ ಅಲ್ಲ, ಮೂರಕ್ಕೂ ಹೊಡೆಯಬೇಕು. ಹೊಡೆದ ಅಂಚಿಗೆ ಮತ್ತೆ ಅದೇ ತೇವದ ಭಯ. ಡ್ರಾಯರ್ ಸಾಲಿಗೂ ಪಕ್ಕದ ಶಟರ್‌ಗೂ ಇರುವ ಸಂದು ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ ಕಾಣುತ್ತದೆ. ಕೈ ತಡೆದೆ.

ಅಷ್ಟರಲ್ಲಿ ಅಮ್ಮ ಹಾಬ್ ಬರುವ ಜಾಗದಲ್ಲಿ ನಿಂತು, ಕೈ ಚಾಚಿ ಡ್ರಾಯರ್ ಕಡೆ ನೋಡುತ್ತಾ ಕೇಳಿದರು: "ಅಲ್ಲ ಕಣಪ್ಪ, ಒಲೆ ಮುಂದೆ ನಿಂತೋಳು ಒಂದು ಸೌಟು ಬೇಕು ಅಂದ್ರೆ ಸಿಂಕ್ ದಾಟಿ ಆ ಮೂಲೆಗೆ ಹೋಗ್ಬೇಕಾ? ಅದನ್ನ ಇಲ್ಲೇ ಪಕ್ಕಕ್ಕೆ ತರೋಕಾಗಲ್ವಾ?"

ಆಗುತ್ತಿತ್ತು. ಶೆಲ್ಫ್ ಬಾಕ್ಸ್ 600, ಡ್ರಾಯರ್ ಬಾಕ್ಸೂ 600. ಅದಲು ಬದಲು ಮಾಡಿದರೆ ಸಾಲಿನ ಒಟ್ಟು ಅಗಲದಲ್ಲಿ ಒಂದು ಮಿಲಿಮೀಟರೂ ವ್ಯತ್ಯಾಸವಿಲ್ಲ. ನಿಗದಿತ ಅಗಲದ ದೊಡ್ಡ ಅನುಕೂಲ ಇದು, ನಾನು ಅದನ್ನು ಗಮನಿಸದೇ ಎರಡು ದಿನ ಕಳೆದಿದ್ದೆ. ಡ್ರಾಯರ್ ಹಾಬ್‌ಗೂ ಸಿಂಕ್‌ಗೂ ನಡುವೆ ಬಂತು. ಗೋಡೆಯ ಕಾಟ ಅದಕ್ಕೆ ತಪ್ಪಿತು, ಅಮ್ಮನಿಗೆ ನಡೆದಾಟ ತಪ್ಪಿತು. ಶೆಲ್ಫ್ ಬಾಕ್ಸ್ ಬಲಗೋಡೆಯ ಪಕ್ಕಕ್ಕೆ ಹೋಯಿತು.

29 ಎಂಬ ಕೆಟ್ಟ ಅಳತೆ

ಆದರೂ ಕೆಲಸ ಮುಗಿಯಲಿಲ್ಲ. ಶೆಲ್ಫ್ ಬಾಕ್ಸಿಗೆ 300ರ ಎರಡು ಶಟರ್. ಬಲಗಡೆಯ ಶಟರ್‌ನ ಹಿಂಜ್ ಇರುವುದು ಗೋಡೆಯ ಪಕ್ಕದಲ್ಲೇ. ಶಟರ್ ತೆರೆದಾಗ ಅದರ ಮುಖ ಗೋಡೆಯ ಕಡೆ ತಿರುಗುತ್ತದೆ, ಹಿಡಿಕೆ ಗೋಡೆಗೆ ಎದುರಾಗುತ್ತದೆ. ಹಿಡಿಕೆ ಶಟರ್‌ನಿಂದ 32 ಹೊರಗೆ ಚಾಚಿತ್ತು. ಅದು ಇರುವುದು ಶಟರ್‌ನ ತುದಿಯಲ್ಲಿ, ಅಂದರೆ ತೆರೆದಾಗ ಬಾಕ್ಸಿನ ಮುಖದಿಂದ ಸುಮಾರು 260 ಮುಂದೆ. ಅಷ್ಟು ಮುಂದೆ ಗೋಡೆ 6 ಒಳಕ್ಕೆ ಬಂದಿರುತ್ತದೆ. 32ಕ್ಕೆ 6 ಸೇರಿಸಿದರೆ 38. ಶಟರ್ ಲಂಬಕೋನಕ್ಕಾದರೂ ತೆರೆಯಬೇಕಾದರೆ ಬಲಗಡೆ 38ಕ್ಕಿಂತ ಹೆಚ್ಚು ಜಾಗ ಬೇಕೇ ಬೇಕು. ನನ್ನ ಬಳಿ ಇದ್ದದ್ದು ಎರಡೂ ಕಡೆ ಸೇರಿ 29.

ಎಡಗಡೆಯದು ಬೇರೆ ಸಮಸ್ಯೆ. ಸಿಲಿಂಡರ್ ಬಾಕ್ಸಿನ ಶಟರ್‌ಗೆ ಹಿಂಜ್ ಬಲಕ್ಕೆ ಹಾಕಿದ್ದೆವು, ಅದು ಗೋಡೆಯಿಂದ ದೂರ ತೆರೆದುಕೊಳ್ಳುತ್ತದೆ. ಅಲ್ಲಿ ಚಲಿಸುವ ಭಾಗದ ಭಯ ಇಲ್ಲ. ಆದರೆ ಗೋಡೆ ವಾಲಿದ್ದರಿಂದ ಫಿಲ್ಲರ್ ಪಟ್ಟಿಯನ್ನು ಮೇಲೆ ಕಿರಿದು, ಕೆಳಗೆ ಅಗಲವಾಗಿ ಕೊಯ್ಯಬೇಕು. 14 ಅಗಲದ ಪಟ್ಟಿ 18 ದಪ್ಪದ ಹಲಗೆಯಲ್ಲಿ ಅದರ ದಪ್ಪಕ್ಕಿಂತ ಕಿರಿದು. ಗರಗಸ ಓಡುವಾಗಲೇ ಮುರಿಯುತ್ತದೆ, ಮುರಿಯದೇ ಉಳಿದರೆ ಸ್ಕ್ರೂ ಹಾಕುವಾಗ ಸೀಳುತ್ತದೆ. ಸಿಲಿಕೋನ್ ತುಂಬಿ ಮುಚ್ಚೋಣ ಎಂದರೆ 14 ತೀರ ದೊಡ್ಡದು, ಒಂದು ಮಳೆಗಾಲಕ್ಕೆ ಕಪ್ಪಾಗಿ ಜೋತು ಬೀಳುತ್ತದೆ. ಪಟ್ಟಿಗೂ ಒಗ್ಗದ, ಅಂಟಿಗೂ ಒಗ್ಗದ ಅಳತೆ ಅದು. ಕೈಯಲ್ಲಿ ನಿಜವಾಗಿ ಕೆಲಸ ಮಾಡಬಲ್ಲ ಪಟ್ಟಿ ಎಂದರೆ ಅತಿ ಕಿರಿದಾದ ಜಾಗದಲ್ಲೂ 20 ಇರಬೇಕು ಎಂದು ನನ್ನ ಅನುಭವ.

ಇನ್ನೊಂದು ಕೊರಗೂ ಇತ್ತು. 14.2 ಕೆ.ಜಿ. ಸಿಲಿಂಡರಿನ ಅಡ್ಡಗಲ ಸುಮಾರು 320. 400ರ ಬಾಕ್ಸಿನಲ್ಲಿ ಎರಡು ಪಕ್ಕದ ಹಲಗೆ ಕಳೆದರೆ ಒಳಗೆ 364. ಸಿಲಿಂಡರ್ ಹೋಗುತ್ತದೆ, ಆದರೆ ಪಕ್ಕದಲ್ಲಿ ಕೈ ಹೋಗುವುದಿಲ್ಲ. ಅಮ್ಮ ಒಮ್ಮೆ ಖಾಲಿ ಸಿಲಿಂಡರ್ ಇಟ್ಟು ತೆಗೆದು ನೋಡಿದರು, ಏನೂ ಹೇಳಲಿಲ್ಲ. ಅವರ ಮುಖ ನೋಡಿದರೆ ಸಾಕಿತ್ತು.

ಹಾಗಾಗಿ ನಾನು ಉಳಿಸಲು ಹೊರಟಿದ್ದನ್ನು ಬಿಟ್ಟುಕೊಟ್ಟೆ. 50 ಕಡಿಮೆ ಮಾಡುವ ಬದಲು 100 ಕಡಿಮೆ ಮಾಡುವುದು, ಸಿಲಿಂಡರಿಗೆ ಅದರ 450 ವಾಪಸ್ ಕೊಡುವುದು. ಯಾವ ಬಾಕ್ಸಿನಿಂದ 100 ತೆಗೆಯಬೇಕು ಎಂಬುದಕ್ಕೆ ಎರಡು ಉತ್ತರ ಇದ್ದವು. ಶೆಲ್ಫಿನ 600 ಅನ್ನು 500 ಮಾಡಬಹುದು, ಇಲ್ಲವೇ ಸಿಂಕಿನ 900 ಅನ್ನು 800 ಮಾಡಬಹುದು. ಉಳಿಯುವ ಜಾಗ ಎರಡರಲ್ಲೂ ಒಂದೇ. ಆದರೆ ಸಿಂಕ್ ಕೆಳಗಿನ ಜಾಗವನ್ನು ಅರ್ಧ ಪೈಪುಗಳೇ ಹಿಡಿದಿರುತ್ತವೆ, ಅಲ್ಲಿ ಪಾತ್ರೆ ಇಡುವವರು ಕಡಿಮೆ. ಅವರು ತಂದಿದ್ದ ಸಿಂಕ್ 24 ಇಂಚು ಉದ್ದದ್ದು, ಅಂದರೆ ಸುಮಾರು 610. 800ರ ಬಾಕ್ಸಿನ ಒಳಗೆ 764 ಸಿಗುತ್ತದೆ, ಸಿಂಕ್ ಆರಾಮಾಗಿ ಇಳಿಯುತ್ತದೆ. ಶೆಲ್ಫಿನಲ್ಲಿ ಕಳೆದುಕೊಳ್ಳುವ 100 ಮಾತ್ರ ಮೂರು ಹಂತದಲ್ಲೂ ದಿನಾ ನೆನಪಾಗುವ ನಷ್ಟ. ಸಿಂಕನ್ನೇ ಆರಿಸಿದೆವು.

ಮಗನಿಗೆ ಫೋನಿನಲ್ಲಿ ಹೇಳಿದಾಗ ಅವರಿಗೆ ಬೇಸರವಾಯಿತು. ದುಡ್ಡು ಕೊಟ್ಟು ತಂದ 900ರ ಬಾಕ್ಸ್ ಬಿಟ್ಟು ಚಿಕ್ಕದನ್ನು ತರಿಸಿ, ಗೋಡೆ ಪಕ್ಕ ಖಾಲಿ ಜಾಗ ಬಿಡುವುದು ಎಂದರೆ ಯಾರಿಗೂ ಒಪ್ಪಿಗೆಯಾಗುವ ಮಾತಲ್ಲ. ನಾನು ಬಲಗಡೆಯ ಶಟರ್ ಗೋಡೆಗೆ ತಗುಲಿ ಅರ್ಧಕ್ಕೆ ನಿಲ್ಲುವುದನ್ನು ವೀಡಿಯೋ ಮಾಡಿ ಕಳಿಸಿದೆ. ಅದನ್ನು ನೋಡಿದ ಮೇಲೆ ಸರಿ ಎಂದರು. ಈ ಸಲದ ಆರ್ಡರಿನಲ್ಲಿ ಶಟರ್ ಬಣ್ಣದ್ದೇ, 100 ಅಗಲದ ಫಿಲ್ಲರ್ ಹಲಗೆ ನಾಲ್ಕು ಬೇಕೆಂದು ನಾನೇ ಬರೆದು ಕೊಟ್ಟೆ. ಮೇಲಿನ ಸಾಲಿನ 900 ಅನ್ನೂ 800 ಮಾಡಿಸಿದೆ, ಕೆಳಗಿನ ಬಾಕ್ಸ್‌ಗಳ ಗೆರೆಗೂ ಮೇಲಿನವಕ್ಕೂ ನೇರ ತಪ್ಪಬಾರದಲ್ಲ. ಮೂರು ವಾರ ಕಾದೆವು. 400ರ ಬಾಕ್ಸ್ ಹಾಸನಕ್ಕೆ ವಾಪಸ್ ಹೋಯಿತು, 900ರದ್ದು ಈಗ ಹಿತ್ತಲ ಕೋಣೆಯಲ್ಲಿ ಬಟ್ಟೆ ಸೋಪು, ಬಕೆಟ್ ಇಡಲು ಇದೆ.

ಪಟ್ಟಿ ಕೂರಿಸಿದ್ದು

450, 800, 600, 800, 600. ಮೊತ್ತ 3250. 3329ರಲ್ಲಿ 79 ಉಳಿಯಿತು. ಇದನ್ನು ಸಮ ಅರ್ಧ ಮಾಡಲಿಲ್ಲ. ಬಲಗಡೆ ಹಿಡಿಕೆಗೆ 38 ಬೇಕು, ಕೈಯಳತೆಯ ತಪ್ಪಿಗೂ ಗಾರೆಯ ಉಬ್ಬಿಗೂ ಒಂದಿಷ್ಟು ಸೇರಿಸಿ 45 ಇಟ್ಟೆ. ಉಳಿದ 34 ಎಡಕ್ಕೆ ಹೋಯಿತು. ಹತ್ತು ಅಡಿಗಿಂತ ಹೆಚ್ಚು ದೂರದಲ್ಲಿರುವ ಎರಡು ಪಟ್ಟಿಗಳಲ್ಲಿ ಒಂದು ಇನ್ನೊಂದಕ್ಕಿಂತ 11 ಹೆಚ್ಚು ಎಂದು ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಬ್‌ನ ನಡುಗೆರೆ ಮೊದಲಿಗಿಂತ 34 ಬಲಕ್ಕೆ ಸರಿಯಿತು. ಚಿಮಣಿಯ ಪೈಪಿಗೆ ಗೋಡೆಯಲ್ಲಿ ತೂತು ಮೊದಲೇ ಆಗಿತ್ತು, ಬಾಗುವ ಪೈಪ್ ಅಷ್ಟನ್ನು ಸರಿದೂಗಿಸಿಕೊಂಡಿತು.

ಎಡಗಡೆಯ ಪಟ್ಟಿ ಈ ಕೆಲಸದ ನಾಜೂಕಾದ ಭಾಗ. ಬಾಕ್ಸ್ ನೆಟ್ಟಗೆ ನಿಂತಿದೆ, ಗೋಡೆ ವಾಲಿದೆ. ಹಾಗಾಗಿ ನಡುವಿನ ಸಂದು ಬುಡದ ಸ್ಕರ್ಟಿಂಗ್ ಪಟ್ಟಿಯ ಮೇಲೆ 41, ಕಲ್ಲಿನ ಕೆಳಗೆ 34. ಅಷ್ಟೇ ಆಗಿದ್ದರೆ ಎರಡು ಅಳತೆ ಹಾಕಿ ಗೆರೆ ಎಳೆದು ಕೊಯ್ಯಬಹುದಿತ್ತು. ಆದರೆ ಮಣ್ಣಿನ ಗೋಡೆಯ ಗಾರೆ ನಡುವೆ ಒಮ್ಮೆ ಉಬ್ಬಿ, ಮತ್ತೆ ತಗ್ಗಾಗಿತ್ತು. ಅದಕ್ಕೆ 100ರ ಹಲಗೆಯನ್ನು ಗೋಡೆಗೆ ತಾಗಿಸಿ, ಅದರ ಬಲ ಅಂಚಿಗೆ ಮಟ್ಟಗೋಲು ಹಿಡಿದು ನೆಟ್ಟಗೆ ನಿಲ್ಲಿಸಿ, ಜಾರದಂತೆ ಟೇಪ್ ಹಚ್ಚಿದೆ. ಒಂದು ಸಣ್ಣ ಮರದ ತುಂಡಿಗೆ ಪೆನ್ಸಿಲ್ ಒತ್ತಿ ಹಿಡಿದು, ತುಂಡು ಗೋಡೆಯನ್ನು ಬಿಡದಂತೆ ಮೇಲಿನಿಂದ ಕೆಳಕ್ಕೆ ಎಳೆದೆ. ಗೋಡೆ ಉಬ್ಬಿದಲ್ಲಿ ಗೆರೆ ಉಬ್ಬಿತು, ತಗ್ಗಿದಲ್ಲಿ ತಗ್ಗಿತು. ಹಲಗೆಯ ಮೇಲೆ ಗೋಡೆಯದೇ ನೆರಳಿನಂತೆ ಒಂದು ಅಂಕುಡೊಂಕು ಗೆರೆ ಬಿತ್ತು.

ಜಿಗ್‌ಸಾ ಗರಗಸದ ಅಡಿತಟ್ಟೆಯನ್ನು ಸ್ವಲ್ಪ ಓರೆ ಮಾಡಿ ಆ ಗೆರೆಯಲ್ಲಿ ಕೊಯ್ದೆವು. ಓರೆ ಕೊಯ್ದರೆ ಮುಂದಿನ ಅಂಚಷ್ಟೇ ಗೋಡೆಗೆ ತಾಗುತ್ತದೆ, ಹಿಂಬದಿ ಒಳಕ್ಕೆ ಸರಿದಿರುತ್ತದೆ. ಆಗ ಎಲ್ಲಾದರೂ ಬಿಗಿಯಾದರೆ ಮರಳುಕಾಗದದಲ್ಲಿ ಆ ತೆಳು ಅಂಚನ್ನು ಎರಡು ಸಲ ಉಜ್ಜಿದರೆ ಸಾಕು, ಇಡೀ 18 ದಪ್ಪವನ್ನು ತಿದ್ದಬೇಕಿಲ್ಲ. ಆಮೇಲೆ ಇನ್ನೊಂದು ಅಂಚನ್ನು ನೇರ ಕೊಯ್ದು ಅಗಲಕ್ಕೆ ತಂದೆವು. ಕೊಯ್ದ ಅಂಚುಗಳಿಗೆ ಪ್ರೈಮರ್ ಎರಡು ಕೋಟ್ ಹಚ್ಚಿ ಒಂದು ರಾತ್ರಿ ಒಣಗಲು ಬಿಟ್ಟೆವು. ಈ ಒಂದು ರಾತ್ರಿಯನ್ನು ಉಳಿಸಲು ಹೋಗಿ ಪಟ್ಟಿ ಊದಿಕೊಂಡದ್ದನ್ನು ಬೇರೆ ಮನೆಗಳಲ್ಲಿ ಕಂಡಿದ್ದೇನೆ.

ಪಟ್ಟಿಯನ್ನು ಗೋಡೆಗೆ ಅಂಟಿಸಲಿಲ್ಲ. ಅದರ ಹಿಂದೆ ಉದ್ದಕ್ಕೂ ಇನ್ನೊಂದು ಹಲಗೆ ತುಂಡು ಸೇರಿಸಿ ಎಲ್ ಆಕಾರ ಮಾಡಿ, ಆ ತುಂಡಿಗೆ ಸಿಲಿಂಡರ್ ಬಾಕ್ಸಿನ ಒಳಗಿನಿಂದ ಮೂರು ಸ್ಕ್ರೂ ಹಾಕಿದೆ. ಪಟ್ಟಿಯ ಮುಖ ಶಟರ್‌ನ ಮುಖಕ್ಕೆ ಸಮ. ಗೋಡೆಯ ಕಡೆ ಎರಡು ಮಿಲಿಮೀಟರ್ ಬಿಟ್ಟು ಅಲ್ಲಿ ಮಾತ್ರ ಬಣ್ಣ ಹೊಂದುವ ಸಿಲಿಕೋನ್ ಎಳೆದೆ. ಹಳೇ ಗೋಡೆಗೆ ಮರವನ್ನು ಗಟ್ಟಿಯಾಗಿ ಕಟ್ಟಿಹಾಕಬಾರದು ಎಂಬುದು ನನ್ನ ನಂಬಿಕೆ. ಗೋಡೆಗೆ ನೀರು ಏರುತ್ತದೆ, ಇಳಿಯುತ್ತದೆ, ಮರ ಅದರ ಜೊತೆ ಹೋಗಬಾರದು.

ಬಲಗಡೆ ಗೋಡೆ ನೆಟ್ಟಗಿದ್ದುದರಿಂದ 45ರ ಪಟ್ಟಿ ಹೆಚ್ಚು ತಿದ್ದಿಸಿಕೊಳ್ಳದೆ ಕೂತಿತು. ಶಟರ್ ತೆರೆದು ನೋಡಿದರೆ ಹಿಡಿಕೆಗೂ ಗೋಡೆಗೂ ನಡುವೆ ನನ್ನ ಕಿರುಬೆರಳಿನ ತುದಿ ಹೋಗುವಷ್ಟು ಜಾಗ ಉಳಿದಿತ್ತು. ಮೇಲಿನ ಸಾಲಿಗೆ ಅದೇ ಗೆರೆಗಳನ್ನು ಹಿಡಿದು ಹೋದಾಗ ಎಡಪಟ್ಟಿ ಮೇಲುತುದಿಯಲ್ಲಿ 21ಕ್ಕೆ ಇಳಿಯಿತು, ಅದಕ್ಕಿಂತ ಕಿರಿದಾಗಿದ್ದರೆ ನನಗೆ ಕಷ್ಟವಿತ್ತು. ಬಲಗಡೆ ಮೇಲಿನ ಬಾಕ್ಸ್ 320 ಮಾತ್ರ ಆಳವಿದ್ದುದರಿಂದ, ಗೋಡೆ ಅಷ್ಟೊಂದು ತಿರುಗುವ ಮೊದಲೇ ಅದರ ಮುಖ ಬರುತ್ತದೆ. ಅಲ್ಲಿ ಸಂದು 51. ಕೆಳಗಿನ ಪಟ್ಟಿ ನೋಡಿ ಅದೇ ಅಗಲಕ್ಕೆ ಮೇಲಿನದನ್ನೂ ಕೊಯ್ದಿಟ್ಟಿದ್ದರೆ ಆರು ಮಿಲಿಮೀಟರ್ ಸಾಲದೇ ಹೋಗುತ್ತಿತ್ತು. ಎರಡು ಸಾಲಿಗೂ ಬೇರೆ ಬೇರೆ ಅಳೆಯಲೇಬೇಕು.

ಈಗ ಹಿಂದಿರುಗಿ ನೋಡಿದರೆ, ಆರ್ಡರ್ ಕೊಡುವ ಮೊದಲು ಯಾರಾದರೂ ಎರಡು ಪ್ರಶ್ನೆ ಕೇಳಿದ್ದರೆ ಮೂರು ವಾರ ಉಳಿಯುತ್ತಿತ್ತು. ಈ ಸಾಲಿನಲ್ಲಿ ಅತಿ ಕಿರಿದಾದ ಜಾಗ ಎಲ್ಲಿ, ಎಷ್ಟು? ಎರಡು ತುದಿಯಲ್ಲೂ ಗೋಡೆಯ ಪಕ್ಕ ಏನು ಚಲಿಸುತ್ತದೆ, ಅದಕ್ಕೆ ಎಷ್ಟು ಬೇಕು? ಮೊದಲನೆಯದರಿಂದ ಎರಡನೆಯದನ್ನು ಕಳೆದು ಉಳಿದದ್ದರೊಳಗೆ ನಿಗದಿತ ಅಗಲಗಳನ್ನು ಜೋಡಿಸಬೇಕಿತ್ತು. ಇಲ್ಲಿ ಆದದ್ದು ತಿರುಗುಮುರುಗು. ಬಾಕ್ಸ್‌ಗಳನ್ನು ತುಂಬಿಸಿ, ಉಳಿದದ್ದನ್ನು ಗೋಡೆಗೆ ಬಿಟ್ಟರು. ಹೊಸ ಕಾಂಕ್ರೀಟ್ ಮನೆಗಳಲ್ಲಿ ಈ ವ್ಯತ್ಯಾಸ ಇಷ್ಟು ದೊಡ್ಡದಿರುವುದಿಲ್ಲ, ಆದರೆ ಸೊನ್ನೆ ಇರುವ ಮನೆಯನ್ನು ನಾನು ಇದುವರೆಗೆ ಕಂಡಿಲ್ಲ.

ಒಂದು ಮಳೆಗಾಲ ಕಳೆದು ಅಕ್ಟೋಬರಿನಲ್ಲಿ ಅಮ್ಮ ಫೋನ್ ಮಾಡಿದರು. ಎಡಗೋಡೆಯ ಬುಡದಲ್ಲಿ ಬಣ್ಣ ಗುಳ್ಳೆ ಎದ್ದಿದೆ, ಪಟ್ಟಿ ಪಕ್ಕದ ಅಂಟು ಕೆಳಗಡೆ ಕೂದಲೆಳೆಯಷ್ಟು ಬಿಟ್ಟಿದೆ ಎಂದರು. ಹೋಗಿ ಸಿಲಿಂಡರ್ ಹೊರಗಿಟ್ಟು, ಮೂರು ಸ್ಕ್ರೂ ತೆಗೆದು, ಬ್ಲೇಡಿನಲ್ಲಿ ಸಿಲಿಕೋನ್ ಸೀಳಿದೆ. ಪಟ್ಟಿ ಕೈಗೆ ಬಂತು. ಹಿಂದಿನ ಗೋಡೆ ಒದ್ದೆ ಇತ್ತು, ಪಟ್ಟಿಯ ಅಂಚು ಊದಿರಲಿಲ್ಲ. ಗುಳ್ಳೆ ಕೆರೆದು ಗೋಡೆಯನ್ನು ಹಾಗೇ ತೆರೆದಿಟ್ಟು ಒಣಗಲು ಬಿಟ್ಟೆವು. ದೀಪಾವಳಿ ಕಳೆದ ಮೇಲೆ ಹೋಗಿ ಅದೇ ಪಟ್ಟಿಯನ್ನು ಅದೇ ಮೂರು ತೂತುಗಳಿಗೆ ಹಾಕಿದೆ. ಗೋಡೆಯ ಉಬ್ಬಿಗೆ ಅದರ ಉಬ್ಬು ಮತ್ತೆ ಸರಿಯಾಗಿ ಕೂತಿತು.